20.1 ಅಥವಾ 20.7? ಒಂದು ಅನುಮಾಪನ ಕೋಷ್ಟಕದ ವಿಮರ್ಶೆ

ದ್ವಿತೀಯ ಪಿಯುಸಿ ರಸಾಯನ ವಿಜ್ಞಾನದ ಪ್ರಾಯೋಗಿಕ ಪರೀಕ್ಷೆಗೆಂದು ಒಂದು ಕಾಲೇಜಿಗೆ ಹೋಗಿದ್ದಾಗ, ವಿದ್ಯಾರ್ಥಿನಿಯೊಬ್ಬಳ ರೆಕಾರ್ಡ್ ಪುಸ್ತಕದ ನಡುವಿನಿಂದ ಮಡಿಸಿದ ಹಾಳೆಯೊಂದು ಕೆಳಗೆ ಬಿತ್ತು. ಬ್ಯೂರೆಟ್ಟಿನ ಮುಂದೆ ನಿಂತೇ ಬರೆದ ಕಚ್ಚಾ ಹಾಳೆ ಅದು. ಅಂಚಿನಲ್ಲಿ ಪರ್ಮಾಂಗನೇಟಿನ ಕಂದು ಕಲೆ ಬೇರೆ. ಅದೇ ಪ್ರಯೋಗದ ಅಂದವಾದ ಪ್ರತಿ ರೆಕಾರ್ಡಿನ ಒಳಗಿತ್ತು. ಕಚ್ಚಾ ಹಾಳೆಯ ಮೇಲೆ ಕೆಂಪು ಶಾಯಿಯ ಎರಡು ಆಕ್ಷೇಪಗಳಿದ್ದರೆ, ಅಂದದ ಪ್ರತಿಯ ಮೇಲೆ ‘ಉತ್ತಮ’ ಎಂಬ ಷರಾ ಇತ್ತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದ ಮೇಲೆ ಈ ಷರಾಗಳು ಅದಲುಬದಲಾಗಿವೆ ಎಂದೇ ನನಗೆ ಅನ್ನಿಸಿತು. ಏಕೆಂದು ನೋಡೋಣ.

ಪ್ರಯೋಗ ಎಲ್ಲರಿಗೂ ಪರಿಚಿತವಾದುದೇ. ಪಿಪೆಟ್ಟಿನಿಂದ 10 ಮಿ.ಲೀ. ಆಕ್ಸಾಲಿಕ್ ಆಮ್ಲದ 0.05 M ದ್ರಾವಣವನ್ನು ಕೋನಿಕಲ್ ಫ್ಲಾಸ್ಕಿಗೆ ತೆಗೆದುಕೊಂಡು, ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಿ, ಸುಮಾರು 60 ರಿಂದ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡಿ, ಬ್ಯೂರೆಟ್ಟಿನಿಂದ ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣವನ್ನು ಬಿಡುವುದು. ತಿಳಿ ಗುಲಾಬಿ ಬಣ್ಣ ಮಾಸದೆ ನಿಂತಾಗ ಅದು ಅಂತ್ಯಬಿಂದು. ಹಾಳೆಯಲ್ಲಿದ್ದ ಕೋಷ್ಟಕ ಹೀಗಿದೆ. ಅಳತೆಗಳೆಲ್ಲ ಮಿ.ಲೀ.ಗಳಲ್ಲಿ.

| ಸಲ | ಮೊದಲ ವಾಚನ | ಕೊನೆಯ ವಾಚನ | ಬಳಸಿದ ಗಾತ್ರ |
|---|---|---|---|
| 1 | 0.0 | 10.3 | 10.3 |
| 2 | 10.3 | 20.1 | 9.8 |
| 3 | 20.1 | 30.0 | 9.9 |
| 4 | 30.0 | 39.8 | 9.8 |

ಕೆಳಗೆ ‘ಸರಾಸರಿ = 9.95’ ಎಂದಿದೆ. ಮೊದಲ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಬಣ್ಣ ಜಾಸ್ತಿ ಆಯ್ತು’ ಎಂದು ಗೀಚಿದೆ.

ಎರಡನೆಯ ಸಾಲಿನ 20.1 ಅನ್ನು ನಾನು ಮುದ್ರಣದಲ್ಲಿ ಸುಲಭವಾಗಿ ಕೊಟ್ಟುಬಿಟ್ಟೆ. ಆದರೆ ಕೈಬರಹದಲ್ಲಿ ಅದು ಅಷ್ಟು ಸುಲಭವಾಗಿರಲಿಲ್ಲ. ಈ ಹುಡುಗಿಯ ಒಂದು ಎಂಬ ಅಂಕಿಗೆ ತಲೆಯ ಮೇಲೆ ಉದ್ದನೆಯ ಕೊಕ್ಕೆ ಇದೆ. ತಿದ್ದಿದವರು ಅದನ್ನು 20.7 ಎಂದು ಓದಿ, ಕೆಂಪು ವೃತ್ತ ಎಳೆದು, ‘ವ್ಯತ್ಯಾಸ 10.4 ಆಗಬೇಕು’ ಎಂದು ಬರೆದಿದ್ದಾರೆ. ಅಂಕಿಯೊಂದನ್ನೇ ದಿಟ್ಟಿಸಿದರೆ ಅವರದೂ ತಪ್ಪಲ್ಲ. ನನಗೂ ಅದು ಮೊದಲು ಏಳರಂತೆಯೇ ಕಂಡಿತು. ಆದರೆ ಕೋಷ್ಟಕದ ಅಂಕಿಯನ್ನು ಒಂಟಿಯಾಗಿ ಓದಬಾರದು. ಪ್ರತಿ ಸಾಲಿನಲ್ಲಿ ಕೊನೆಯ ವಾಚನದಿಂದ ಮೊದಲ ವಾಚನವನ್ನು ಕಳೆದರೆ ಗಾತ್ರ ಬರಬೇಕು: ಇದು ಅಡ್ಡ ಪರೀಕ್ಷೆ. ಬ್ಯೂರೆಟ್ಟನ್ನು ನಡುವೆ ತುಂಬದೆ ಮುಂದುವರಿಸಿದ್ದರೆ ಒಂದು ಸಾಲಿನ ಕೊನೆಯ ವಾಚನವೇ ಮುಂದಿನ ಸಾಲಿನ ಮೊದಲ ವಾಚನ: ಇದು ಉದ್ದದ ಪರೀಕ್ಷೆ. ಇಲ್ಲಿ ಅನುಮಾನದ ಅಂಕಿಯ ಬಲಕ್ಕೆ 9.8 ಇದೆ, ಕೆಳಗಿನ ಸಾಲಿನಲ್ಲಿ ಸ್ಪಷ್ಟವಾದ 20.1 ಇದೆ. ಎರಡು ಸಾಕ್ಷಿಗಳೂ 20.1 ಎಂದೇ ಹೇಳುತ್ತಿವೆ. ಎರಡನೇ ಸಾಲಿನಲ್ಲಿ ತಪ್ಪೇ ಇಲ್ಲ.

ಹಾಗಾದರೆ ಹಾಳೆಯಲ್ಲಿ ತಪ್ಪು ಎಲ್ಲಿದೆ? ಸರಾಸರಿಯಲ್ಲಿ. ಅದಕ್ಕೆ ಕೆಂಪು ಶಾಯಿ ತಗುಲಿಯೇ ಇಲ್ಲ. ಆಕೆ ನಾಲ್ಕೂ ಗಾತ್ರಗಳನ್ನು ಕೂಡಿ (39.8) ನಾಲ್ಕರಿಂದ ಭಾಗಿಸಿದ್ದಾಳೆ. ಕೂಡುವುದೂ ಭಾಗಿಸುವುದೂ ಸರಿಯಾಗಿದೆ. ಕೂಡಬೇಕಾದ್ದನ್ನು ಆಯ್ದಿರುವುದು ಸರಿಯಿಲ್ಲ. ಮೊದಲ ಸಲ ಮಾಡುವುದು ಅಂತ್ಯಬಿಂದು ಎಲ್ಲಿದೆ ಎಂದು ಅಂದಾಜು ಮಾಡಿಕೊಳ್ಳಲು. ಅದು 10ರ ಆಸುಪಾಸು ಎಂದು ಗೊತ್ತಾದ ಮೇಲೆ, ಮುಂದಿನ ಸಲಗಳಲ್ಲಿ 9 ಮಿ.ಲೀ.ವರೆಗೆ ಬೇಗ ಬಿಟ್ಟು ಅಲ್ಲಿಂದ ಹನಿಹನಿಯಾಗಿ ಹೋಗಬಹುದು. 10.3 ಎಂಬುದರಲ್ಲಿ ಬಣ್ಣ ಹೆಚ್ಚಾಯಿತೆಂದು ಆಕೆಯೇ ಬರೆದಿದ್ದಾಳೆ. ಆ ಪೆನ್ಸಿಲ್ ಗೀಚು ಈ ಹಾಳೆಯಲ್ಲಿ ನನಗೆ ತುಂಬ ಹಿಡಿಸಿದ ಭಾಗ, ಏಕೆಂದರೆ ವಾಚನವನ್ನು ಬಿಡುವುದಕ್ಕೆ ಕಾರಣ ಅಲ್ಲಿಯೇ ಇದೆ. ಕಾರಣ ಬರೆದವಳೇ ಅದನ್ನು ಸರಾಸರಿಗೆ ಸೇರಿಸಿಕೊಂಡಳಲ್ಲ ಎಂಬುದಷ್ಟೇ ಬೇಸರ.

ಉಳಿದ ಮೂರು 9.8, 9.9, 9.8. ಇವು ಪ್ರಯೋಗಾಲಯದಲ್ಲಿ ನಾವೆಲ್ಲ ‘ಕಾನ್‌ಕಾರ್ಡೆಂಟ್’ ಎನ್ನುವ, ಪರಸ್ಪರ ಹೊಂದುವ ವಾಚನಗಳೇ? ಹೌದು. ನಮ್ಮ ಸಾಮಾನ್ಯ 50 ಮಿ.ಲೀ. ಬ್ಯೂರೆಟ್ಟಿನ ಅತಿ ಸಣ್ಣ ಭಾಗ 0.1 ಮಿ.ಲೀ. ಅದರ ತುದಿಯಿಂದ ಬೀಳುವ ಒಂದು ಹನಿ ಸುಮಾರು 0.05 ಮಿ.ಲೀ. ಎಂದರೆ 9.8ಕ್ಕೂ 9.9ಕ್ಕೂ ನಡುವೆ ಇರುವುದು ಎರಡು ಹನಿ. ಗಾತ್ರವೆಂಬುದು ಎರಡು ವಾಚನಗಳ ವ್ಯತ್ಯಾಸವಾದ್ದರಿಂದ ಎರಡು ಸಲ ಕಣ್ಣಳತೆಯ ತಪ್ಪೂ ಅದರಲ್ಲಿ ಸೇರಿರುತ್ತದೆ. 0.1ರೊಳಗೆ ಹೊಂದಿದರೆ ಈ ಉಪಕರಣದಲ್ಲಿ ಹೊಂದಿದಂತೆಯೇ. ಆದರೆ ಹಾಳೆಯ ಎರಡನೆಯ ಕೆಂಪು ಷರಾ ‘ವಾಚನಗಳು ಒಂದೇ ಬಂದಿಲ್ಲ’ ಎನ್ನುತ್ತದೆ. ಹೊಂದುವುದು ಬೇರೆ, ಒಂದೇ ಆಗಿರುವುದು ಬೇರೆ.

ಮೂರರ ಮೊತ್ತ 29.5, ಸರಾಸರಿ 9.83. ಕ್ಯಾಲ್ಕುಲೇಟರ್ 9.8333333 ಎಂದು ತೋರಿಸಬಹುದು, ಆದರೆ ಹತ್ತನೆಯ ಒಂದು ಭಾಗದವರೆಗೆ ಮಾತ್ರ ಓದಿದ ಬ್ಯೂರೆಟ್ಟಿಗೆ ಅಷ್ಟು ಮೂರುಗಳನ್ನು ಹೇಳುವ ಶಕ್ತಿ ಇಲ್ಲ. ಈಗ ಫಲಿತಾಂಶಕ್ಕೆ ಬರೋಣ. 2 ಮೋಲ್ ಪರ್ಮಾಂಗನೇಟ್ 5 ಮೋಲ್ ಆಕ್ಸಾಲಿಕ್ ಆಮ್ಲದೊಂದಿಗೆ ವರ್ತಿಸುವುದರಿಂದ

M = (2 × 0.05 × 10) / (5 × V) = 0.2 / V

V ಬದಲಿಗೆ 9.95 ಇಟ್ಟರೆ ಪರ್ಮಾಂಗನೇಟಿನ ಮೊಲಾರಿಟಿ 0.0201, 9.83 ಇಟ್ಟರೆ 0.0203. ಲೀಟರಿಗೆ ಗ್ರಾಂ ಲೆಕ್ಕದಲ್ಲಿ 3.18 ಮತ್ತು 3.21. ವ್ಯತ್ಯಾಸ ಶೇಕಡ 1ಕ್ಕಿಂತ ಸ್ವಲ್ಪ ಹೆಚ್ಚು. ಅಚ್ಚುಕಟ್ಟಾಗಿ ಅನುಮಾಪನ ಮಾಡಿದವಳು ಸಂಪಾದಿಸಿದ ನಿಖರತೆಯನ್ನು ಒಂದು ಕೂಡುವ ಲೆಕ್ಕದಲ್ಲಿ ಕಳೆದುಕೊಂಡಿದ್ದಾಳೆ.

ಇನ್ನೊಂದು ಸ್ವಾರಸ್ಯ ಇಲ್ಲಿದೆ. ನಾಲ್ಕು ಗಾತ್ರಗಳ ಮೊತ್ತ 39.8, ನಾಲ್ಕನೆಯ ಸಾಲಿನ ಕೊನೆಯ ವಾಚನವೂ 39.8. ಇದು ಆಕಸ್ಮಿಕವಲ್ಲ. ಮುಂದುವರಿಸಿಕೊಂಡು ಹೋದ ಬ್ಯೂರೆಟ್ಟಿನಲ್ಲಿ ಗಾತ್ರಗಳನ್ನು ಕೂಡಿದಾಗ ನಡುವಿನ ವಾಚನಗಳು ಒಮ್ಮೆ ಕೂಡಿ ಒಮ್ಮೆ ಕಳೆದು ಮಾಯವಾಗುತ್ತವೆ. ಕೊನೆಯ ಮೂರು ಸಾಲುಗಳ ಮೊತ್ತ ಬೇಕಾದರೆ 39.8ರಿಂದ 10.3 ಕಳೆದರೆ ಸಾಕು, 29.5 ಬರುತ್ತದೆ. ಲೆಕ್ಕ ತಾಳೆ ನೋಡುವ ಅಧ್ಯಾಪಕರಿಗೆ ಇದು ಸುಲಭ ದಾರಿ.

ಆದರೆ ಇದೇ ಸಂಗತಿಗೆ ಇನ್ನೊಂದು ಮುಖವಿದೆ. ಆ ಹುಡುಗಿ ಬ್ಯೂರೆಟ್ಟಿನಲ್ಲಿ 20.1 ಇದ್ದುದನ್ನು ನಿಜವಾಗಿಯೂ 20.7 ಎಂದು ಓದಿ, ಮೂರನೆಯ ಸಾಲನ್ನೂ 20.7ರಿಂದಲೇ ಆರಂಭಿಸಿದ್ದಳೆಂದು ಭಾವಿಸಿ. ಗಾತ್ರಗಳು 10.4, 9.3, 9.8 ಆಗುತ್ತಿದ್ದವು. ಮೊತ್ತ ಆಗಲೂ 29.5, ಸರಾಸರಿ ಆಗಲೂ 9.83! ಸರಾಸರಿಯನ್ನಷ್ಟೇ ನೋಡುವವರಿಗೆ ಏನೂ ಆಗಿಲ್ಲವೆಂದೇ ತೋರುತ್ತದೆ. ತಪ್ಪು ಗೊತ್ತಾಗುವುದು ಗಾತ್ರಗಳು ಒಂದಕ್ಕೊಂದು ಹೊಂದುತ್ತಿಲ್ಲ ಎಂಬುದರಿಂದ ಮಾತ್ರ. ಆದ್ದರಿಂದ ಹೊಂದಿಕೆಯನ್ನು ಮೊದಲು ನೋಡಿ ಸರಾಸರಿಯನ್ನು ಆಮೇಲೆ ತೆಗೆಯಬೇಕೆಂಬುದು ಬರಿಯ ಸಂಪ್ರದಾಯವಲ್ಲ.

ಈಗ ಬೇರೆ ಸಂದರ್ಭ. ಓದುವುದರಲ್ಲಿ ತಪ್ಪಿಲ್ಲ, ಎರಡನೆಯ ಸಲ ನಲ್ಲಿ ತಿರುಗಿಸುವಾಗ 0.6 ಮಿ.ಲೀ. ಹೆಚ್ಚಿಗೆ ಹೋಗಿಬಿಟ್ಟಿತು ಎನ್ನೋಣ. ಮಟ್ಟ ನಿಜವಾಗಿಯೇ 20.7ಕ್ಕೆ ಇಳಿದಿರುತ್ತದೆ. ಮುಂದಿನ ಸಲಗಳು ಅಲ್ಲಿಂದ ಹೊರಟು 30.6ಕ್ಕೆ, 40.4ಕ್ಕೆ ಮುಗಿಯುತ್ತವೆ. ಗಾತ್ರಗಳು 10.4, 9.9, 9.8. ಇಲ್ಲಿ ಏರಿದ ವಾಚನ ಒಂದೇ, ಪಕ್ಕದ್ದು ತಗ್ಗಿಲ್ಲ. ಓದಿನ ತಪ್ಪಿನಲ್ಲಿ ಒಂದು ಏರಿದಷ್ಟೇ ಮುಂದಿನದು ಇಳಿಯುತ್ತದೆ. ಪ್ರಯೋಗ ನಡೆದ ಎಷ್ಟೋ ದಿನಗಳ ಮೇಲೆ ಹಾಳೆಯನ್ನು ಮಾತ್ರ ನೋಡಿ, ತಪ್ಪಿದ್ದು ಕಣ್ಣೋ ಕೈಯೋ ಎಂದು ಹೀಗೆ ಬಹುಮಟ್ಟಿಗೆ ಹೇಳಬಹುದು.

ರೆಕಾರ್ಡಿನ ಅಂದದ ಪ್ರತಿಯಲ್ಲಿ ಈ ಸೌಲಭ್ಯ ಯಾವುದೂ ಇಲ್ಲ. ಅಲ್ಲಿ ಮೂರು ಸಾಲು: ಮೂರರಲ್ಲೂ ಮೊದಲ ವಾಚನ 0.0, ಕೊನೆಯ ವಾಚನ 9.8, ಗಾತ್ರ 9.8. ಬಣ್ಣ ಜಾಸ್ತಿಯಾದ ಮೊದಲ ಸಲವಿಲ್ಲ. 9.9 ಇಲ್ಲ. ಪ್ರತಿ ಸಲ ಬ್ಯೂರೆಟ್ಟನ್ನು ಸೊನ್ನೆಯವರೆಗೆ ತುಂಬಿ ಮಾಡುವುದು ಸಾಧ್ಯ, ಅದರಲ್ಲಿ ದೋಷವೂ ಇಲ್ಲ. ಆದರೆ ಆಗ ಸಾಲುಗಳ ನಡುವಿನ ಉದ್ದದ ಪರೀಕ್ಷೆ ಇಲ್ಲವಾಗುತ್ತದೆ, ಪ್ರತಿ ಸಾಲೂ ತನ್ನಷ್ಟಕ್ಕೆ ತಾನು ನಿಲ್ಲುತ್ತದೆ. ಇಲ್ಲಂತೂ ಹಾಗೆ ತುಂಬಿಯೇ ಇರಲಿಲ್ಲ.

ಆಕೆಯನ್ನೇ ಕರೆದು ಕೇಳಿದೆ: “ಏನಮ್ಮ, ಈ 9.9 ಎಲ್ಲಿ ಹೋಯಿತು?”

“ಮೂರೂ ಒಂದೇ ಬರಬೇಕು ಅಂತ ಹೇಳಿದ್ರು ಸರ್. ಅದಕ್ಕೆ ಫೇರ್ ಬರೆಯುವಾಗ ಸರಿ ಮಾಡಿದೆ.”

ಸುಳ್ಳು ಬರೆದೆನೆಂಬ ಭಾವನೆ ಆಕೆಯ ಮುಖದಲ್ಲಿ ಇರಲಿಲ್ಲ. ಕಾಗುಣಿತ ತಿದ್ದಿದಷ್ಟೇ ಸಹಜವಾಗಿ ಹೇಳಿದಳು. ಇದರಲ್ಲಿ ಹೆಚ್ಚಿನ ಪಾಲು ನಮ್ಮದು, ಅಂದರೆ ತಿದ್ದುವವರದು. ‘ಒಂದೇ ಬಂದಿಲ್ಲ’ ಎಂದು ಬರೆದ ಕೆಂಪು ಶಾಯಿಯೇ ಆ 9.9 ಅನ್ನು ಅಳಿಸಿದ್ದು. ತಮಾಷೆಯೆಂದರೆ ಅಳಿಸಿದ್ದರಿಂದ ಲಾಭವೇನೂ ಆಗಿಲ್ಲ. 9.8ಕ್ಕೆ ಮೊಲಾರಿಟಿ 0.0204, 9.83ಕ್ಕೆ 0.0203. ಈ ವ್ಯತ್ಯಾಸ ಒಂದು ಹನಿಗಿಂತ ಕಡಿಮೆ.

ಮೂರೂ ವಾಚನಗಳು ನಿಜವಾಗಿಯೇ 9.8 ಬಂದಿದ್ದರೂ ಉತ್ತರ ಸರಿಯೆಂದು ಹೇಳಲಾಗದು. ಪಿಪೆಟ್ಟಿನ ತುದಿಯಲ್ಲಿ ಉಳಿಯಬೇಕಾದ ಹನಿಯನ್ನು ಪ್ರತಿ ಸಲವೂ ಊದಿ ಫ್ಲಾಸ್ಕಿಗೆ ಬೀಳಿಸುವವರ ಗಾತ್ರಗಳೆಲ್ಲ ಒಟ್ಟಾಗಿ ಏರುತ್ತವೆ, ಚೆನ್ನಾಗಿ ಹೊಂದುತ್ತಲೂ ಇರುತ್ತವೆ. ಆ ಬಗೆಯ ತಪ್ಪನ್ನು ಕೋಷ್ಟಕ ತೋರಿಸಲಾರದು. ಅದನ್ನು ಮೇಜಿನ ಬಳಿ ನಿಂತೇ ನೋಡಬೇಕು. ಪರ್ಮಾಂಗನೇಟಿನ ಗಾಢ ಬಣ್ಣದಲ್ಲಿ ದ್ರವದ ಕೆಳ ಅಂಚು ಕಾಣದ್ದರಿಂದ ಮೇಲಂಚನ್ನು ಓದುತ್ತೇವೆ. ಎರಡೂ ವಾಚನಗಳಲ್ಲಿ ಮೇಲಂಚನ್ನೇ ಓದಿದರೆ ವ್ಯತ್ಯಾಸದಲ್ಲಿ ತೊಂದರೆಯಿಲ್ಲ. ಒಮ್ಮೆ ಮೇಲಂಚು, ಒಮ್ಮೆ ಅಂದಾಜಿನ ಕೆಳ ಅಂಚು ಓದಿದರೆ ಮಾತ್ರ ಹೊಂದಿಕೆ ಕೆಡುತ್ತದೆ, ಅದು ಕೋಷ್ಟಕದಲ್ಲಿ ಕಾಣುತ್ತದೆ.

ಕಚ್ಚಾ ಹಾಳೆಯನ್ನು ರೆಕಾರ್ಡಿನ ಆ ಪುಟಕ್ಕೇ ಪಿನ್ ಹಾಕಿಸಿದೆ. 9.95ರ ಮೇಲೆ ಒಂದೇ ಗೆರೆ ಎಳೆದು, ಹಳೆಯ ಅಂಕಿ ಓದುವಂತೆ ಬಿಟ್ಟು, ಪಕ್ಕದಲ್ಲಿ 9.83 ಎಂದು ಆಕೆಯಿಂದಲೇ ಬರೆಸಿದೆ. ಒಂದಕ್ಕೆ ಕೊಕ್ಕೆ ಬಿಡಲು ಆಗದಿದ್ದರೆ ಏಳರ ಸೊಂಟಕ್ಕೊಂದು ಅಡ್ಡಗೆರೆ ಹಾಕಮ್ಮ ಎಂದೂ ಹೇಳಿದೆ.