ಮೂರು ಆನೆಗಳ ಲೆಕ್ಕ: ಇಟಾಲಿಯನ್ನಿನ ‘ಚಿ’, ‘ನೆ’ ಪದಗಳ ಅನುವಾದವನ್ನು ಕುರಿತು

ಕ್ರಿ.ಶ. 1623ರ ಅಕ್ಟೋಬರಿನಲ್ಲಿ ಗೋವೆಯಿಂದ ಹೊರಟ ಪೋರ್ಚುಗೀಸ್ ರಾಯಭಾರಿಯೊಡನೆ ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಪ್ರವಾಸಿ ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಘಟ್ಟವೇರಿ, ನವೆಂಬರಿನಲ್ಲಿ ಇಕ್ಕೇರಿಯನ್ನು ಸೇರಿದನು. ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನ, ಬೀದಿಯಲ್ಲಿ ಕೋಲಾಟವಾಡುತ್ತಿದ್ದ ಹೆಣ್ಣುಮಕ್ಕಳು, ಮಳಲಿನ ಮೇಲೆ ಬೆರಳಿನಿಂದ ಬರೆಯುತ್ತ ರಾಗವಾಗಿ ಲೆಕ್ಕ ಕಲಿಯುತ್ತಿದ್ದ ಹುಡುಗರು, ಇವೆಲ್ಲವೂ ನೇಪಲ್ಸಿನ ಗೆಳೆಯ ಮಾರಿಯೊ ಸ್ಕಿಪಾನೊನಿಗೆ ಅವನು ಬರೆದ ಪತ್ರಗಳಲ್ಲಿ ದಾಖಲಾಗಿವೆ. ಈ ಪತ್ರಗಳನ್ನು ಹೇವರ್ಸ್ ಎಂಬವನು ಹದಿನೇಳನೆಯ ಶತಮಾನದಲ್ಲಿಯೇ, 1664ರ ಸುಮಾರಿಗೆ, ಇಂಗ್ಲಿಷಿಗೆ ತಂದನು. ಅದನ್ನೇ ಎಡ್ವರ್ಡ್ ಗ್ರೇ 1892ರಲ್ಲಿ ಹಕ್ಲೂಯಿಟ್ ಸೊಸೈಟಿಗಾಗಿ ಸಂಪಾದಿಸಿದನು. ಕೆಳದಿಯ ಇತಿಹಾಸವನ್ನು ಬರೆಯುವ ನಾವು ಬಹುಮಟ್ಟಿಗೆ ಈ ಇಂಗ್ಲಿಷನ್ನೇ ಕನ್ನಡಿಸಿ ಆಧಾರವಾಗಿ ಬಳಸುತ್ತೇವೆ. ಹೀಗೆ ಇಟಾಲಿಯನ್ನಿನ ಒಂದು ವಾಕ್ಯ ಎರಡು ಹೊಳೆಗಳನ್ನು ದಾಟಿ ನಮ್ಮ ದಡಕ್ಕೆ ಬರುತ್ತದೆ. ದಾಟುವಾಗ ಕೊಚ್ಚಿಹೋಗುವುದು ದೊಡ್ಡ ಪದಗಳಲ್ಲ, ಒಂದಕ್ಷರದ ಕಿರುಪದಗಳು. ಅವುಗಳಲ್ಲಿ ‘ಚಿ’ ಮತ್ತು ‘ನೆ’ ಎಂಬ ಎರಡನ್ನು ಇಲ್ಲಿ ಪರಿಶೀಲಿಸಲಾಗಿದೆ. ಉದಾಹರಣೆಯ ವಾಕ್ಯಗಳು ದೆಲ್ಲಾ ವಾಲ್ಲೆಯವಲ್ಲ. ಅಂಥ ಪ್ರವಾಸಗದ್ಯದಲ್ಲಿ ಬರಬಹುದಾದ ರೀತಿಯಲ್ಲಿ ನಾನೇ ಕಟ್ಟಿಕೊಂಡ ಮಾದರಿಗಳು.

ಮೊದಲು ‘ನೆ’. ಪ್ರವಾಸಿಯೊಬ್ಬ ಅರಮನೆಯ ಮುಂದೆ ಆನೆಗಳನ್ನು ಕಟ್ಟುವ ಪದ್ಧತಿಯನ್ನು ಹೇಳಿ, ‘ನೆ ವಿದಿ ತ್ರೆ’ ಎಂದು ಬರೆದಿದ್ದಾನೆಂದು ಭಾವಿಸೋಣ. ‘ವಿದಿ’ ಎಂದರೆ ಕಂಡೆನು, ‘ತ್ರೆ’ ಎಂದರೆ ಮೂರು. ಇಟಾಲಿಯನ್ನಿನಲ್ಲಿ ಸಂಖ್ಯೆಯೊಂದೇ ಕರ್ಮಸ್ಥಾನದಲ್ಲಿ ನಿಂತು, ಎಣಿಕೆಯಾದ ವಸ್ತುವಿನ ಹೆಸರು ಲೋಪವಾದಾಗ, ಆ ಹೆಸರಿನ ಬದಲಿಗೆ ‘ನೆ’ ಬರಲೇಬೇಕು. ‘ವಿದಿ ತ್ರೆ’ ಎಂದಷ್ಟೇ ಬರೆದರೆ ವಾಕ್ಯ ಕುಂಟುತ್ತದೆ. ಅಂದರೆ ಇಲ್ಲಿ ‘ನೆ’ ಎಂಬುದು ವ್ಯಾಕರಣದ ಋಣ. ಲೇಖಕನು ಆಯ್ದುಕೊಂಡ ಅರ್ಥವಲ್ಲ. ಇದನ್ನು ಕೆಲವು ಪಠ್ಯಪುಸ್ತಕಗಳು ‘ಆಫ್ ದೆಮ್’ ಎಂದು ವಿವರಿಸುತ್ತವೆ. ಅನುವಾದಕ ಅದನ್ನು ನಂಬಿ ‘ಐ ಸಾ ತ್ರೀ ಆಫ್ ದೆಮ್’ ಎಂದು ಬರೆಯುತ್ತಾನೆ. ಇಂಗ್ಲಿಷಿನಲ್ಲಿ ಇದು ತಪ್ಪೇನೂ ಅಲ್ಲ, ಆದರೆ ಆಗಲೇ ಸ್ವಲ್ಪ ಬಾಗಿದೆ. ಅದನ್ನು ಕನ್ನಡಿಸುವವನು ‘ಅವುಗಳಲ್ಲಿ ಮೂರನ್ನು ಕಂಡೆನು’ ಎನ್ನುತ್ತಾನೆ. ಈಗ ವಾಕ್ಯ ಪೂರ್ತಿ ಬೇರೆಯೇ ಆಯಿತು. ‘ಅವುಗಳಲ್ಲಿ’ ಎಂಬ ನಿರ್ಧಾರಣೆಯ ಸಪ್ತಮಿ ಒಂದು ದೊಡ್ಡ ಗುಂಪನ್ನು ಮೊದಲೇ ಸ್ಥಾಪಿಸಿ, ಅದರಿಂದ ಮೂರನ್ನು ಬೇರ್ಪಡಿಸುತ್ತದೆ. ಇದನ್ನು ಓದಿದ ಇತಿಹಾಸಕಾರ, ಅರಮನೆಯಲ್ಲಿ ಮೂರಕ್ಕಿಂತ ಹೆಚ್ಚು ಆನೆಗಳಿದ್ದವು ಎಂದು ನಿರ್ಣಯಿಸಿದರೆ ಅವನನ್ನು ದೂರುವಂತಿಲ್ಲ. ಮೂಲ ವಾಕ್ಯ ಅಂಥ ಮಾತನ್ನು ಹೇಳಿಯೇ ಇಲ್ಲ. ಇಂಗ್ಲಿಷಿನಲ್ಲಿ ‘ಐ ಸಾ ತ್ರೀ’ ಸಾಕಾಗಿತ್ತು. ಕನ್ನಡದಲ್ಲಿ ‘ಮೂರು ಕಂಡೆನು’ ಎಂದರೆ ಮುಗಿಯಿತು.

ಆದರೆ ‘ನೆ’ ಬಂದಲ್ಲೆಲ್ಲ ಅದನ್ನು ಬಿಟ್ಟುಬಿಡುವುದೂ ಸರಿಯಲ್ಲ. ಹಿಂದಿನ ವಾಕ್ಯದಲ್ಲಿ ‘ಅರಸನ ಹತ್ತು ಆನೆಗಳು’ ಎಂಬಂತೆ ನಿರ್ದಿಷ್ಟ ಗುಂಪೊಂದರ ಪ್ರಸ್ತಾಪವಿದ್ದು, ಅನಂತರ ‘ನೆ ವಿದಿ ತ್ರೆ’ ಬಂದರೆ, ಅಲ್ಲಿ ‘ಅವುಗಳಲ್ಲಿ ಮೂರನ್ನು’ ಎಂಬುದೇ ಯುಕ್ತ. ಇವೆರಡನ್ನೂ ಬೇರ್ಪಡಿಸಲು ಹಿಂದಿನ ವಾಕ್ಯದ ನಾಮಪದವನ್ನು ನೋಡಬೇಕು. ಅದರ ಹಿಂದೆ ಇಟಾಲಿಯನ್ನಿನ ನಿರ್ದೇಶಕ ಪದ ಇದೆಯೇ, ಇದ್ದರೆ ಅದು ಒಂದು ಗುಂಪನ್ನು ತೋರಿಸುತ್ತದೆಯೋ ಅಥವಾ ಜಾತಿಯನ್ನೇ ಸಾಮಾನ್ಯವಾಗಿ ಹೇಳುತ್ತದೆಯೋ ಎಂಬುದನ್ನು ವಿಚಾರಿಸಬೇಕು. ಜಾತಿಯಾದರೆ ‘ನೆ’ ಕನ್ನಡದಲ್ಲಿ ಮಾಯವಾಗುತ್ತದೆ, ಗುಂಪಾದರೆ ಉಳಿಯುತ್ತದೆ. ಕನ್ನಡದಲ್ಲಿ ನಿರ್ದೇಶಕ ಪದವಿಲ್ಲ, ನಿಜ. ಆದರೆ ಆ ಕೆಲಸವನ್ನು ದ್ವಿತೀಯಾ ವಿಭಕ್ತಿ ತಕ್ಕಮಟ್ಟಿಗೆ ಮಾಡುತ್ತದೆ. ‘ಮೂರು ಆನೆ ಕಂಡೆ’ ಎಂಬುದಕ್ಕೂ ‘ಮೂರು ಆನೆಗಳನ್ನು ಕಂಡೆ’ ಎಂಬುದಕ್ಕೂ ಇರುವ ಅಂತರ ನಮ್ಮ ಕಿವಿಗೆ ಗೊತ್ತು. ಎರಡನೆಯದರಲ್ಲಿ ಆ ಆನೆಗಳು ಯಾವುವೆಂದು ಕೇಳುವವನಿಗೆ ಆಗಲೇ ತಿಳಿದಿರಬಹುದೆಂಬ ಸೂಚನೆಯಿದೆ. ಗ್ರಂಥಸ್ಥ ಕನ್ನಡ ಪ್ರತ್ಯಯವನ್ನು ಎಲ್ಲೆಡೆಯೂ ತುಂಬುವ ಅಭ್ಯಾಸದಿಂದ ಈ ಸೂಕ್ಷ್ಮವನ್ನು ಅಳಿಸಿಹಾಕಿದೆ. ಅನುವಾದಕರು ಇದನ್ನು ಮರಳಿ ಪಡೆಯಬೇಕೆಂಬುದು ನನ್ನ ಅಭಿಪ್ರಾಯ.

ಇಟಾಲಿಯನ್ ಕೇಳದ ಪ್ರಶ್ನೆಯೊಂದನ್ನು ಕನ್ನಡ ಕೇಳುತ್ತದೆ ಎಂಬುದು ಇನ್ನೂ ಮುಖ್ಯವಾದ ಸಂಗತಿ. ‘ನೆ ವಿದಿ ತ್ರೆ’ ಎಂಬಲ್ಲಿ ಕಂಡದ್ದು ಆನೆಯಾದರೂ ಹುಡುಗರಾದರೂ ಸಂಖ್ಯೆ ಒಂದೇ. ಕನ್ನಡದಲ್ಲಿ ಆನೆಯಾದರೆ ‘ಮೂರು ಕಂಡೆನು’, ಹುಡುಗರಾದರೆ ‘ಮೂವರನ್ನು ಕಂಡೆನು’. ಹಳಗನ್ನಡದ ಇರ್ವರ್, ಮೂವರ್, ನಾಲ್ವರ್ ಎಂಬ ರೂಪಗಳಿಂದ ಇಂದಿನವರೆಗೂ ಈ ಭೇದ ಉಳಿದುಬಂದಿದೆ. ಹೀಗಾಗಿ ‘ನೆ’ ಎಂಬುದರಲ್ಲಿ ಅಡಗಿದ್ದ ನಾಮಪದದ ಒಂದಂಶ ನಮ್ಮಲ್ಲಿ ಸಂಖ್ಯಾವಾಚಕದ ಕೊನೆಗೆ ಬಂದು ಕುಳಿತುಕೊಳ್ಳುತ್ತದೆ. ‘ನೆ’ಗೆ ಕನ್ನಡದಲ್ಲಿ ಸಮಾನಪದವಿಲ್ಲ ಎನ್ನುವವರು ಈ ‘-ವರು’ ಪ್ರತ್ಯಯವನ್ನು ಗಮನಿಸಿದಂತಿಲ್ಲ. ಪುಣೆಯಲ್ಲಿ ಕುಳಿತು ಕೆಲಸ ಮಾಡುವವರಿಗೆ ಇದರ ನೆರೆಯ ಸಾಕ್ಷ್ಯ ದಿನವೂ ಕಿವಿಗೆ ಬೀಳುತ್ತಿರುತ್ತದೆ. ಮರಾಠಿಯಲ್ಲಿಯೂ ವಸ್ತುಗಳಿಗೆ ‘ದೋನ್’, ‘ತೀನ್’. ಮನುಷ್ಯರಿಗೆ ‘ದೋಘೆ’, ‘ತಿಘೆ’. ಇಟಾಲಿಯನ್ನಿನ ದೂರದ ಬಂಧುವಾದ ಮರಾಠಿ ಈ ವಿಷಯದಲ್ಲಿ ಕನ್ನಡದ ಪಕ್ಕದಲ್ಲಿ ನಿಲ್ಲುತ್ತದೆ.

ಇದರಿಂದ ಅನುವಾದಕನಿಗೆ ಒಂದು ಕಷ್ಟವೂ ಒದಗುತ್ತದೆ. ಮೂಲದಲ್ಲಿ ಆಳುಗಳನ್ನೂ ಕುದುರೆಗಳನ್ನೂ ಒಟ್ಟಿಗೆ ಹೇಳಿ ‘ನೆ ವಿದಿ ತ್ರೆ’ ಎಂದಿದ್ದರೆ, ಇಂಗ್ಲಿಷ್ ಅನುವಾದ ಅದೇ ಅಸ್ಪಷ್ಟತೆಯನ್ನು ಹಾಗೆಯೇ ಸಾಗಿಸಬಲ್ಲದು. ಕನ್ನಡಕ್ಕೆ ಆ ಸೌಲಭ್ಯವಿಲ್ಲ: ‘ಮೂರು’ ಎಂದರೆ ಕುದುರೆ, ‘ಮೂವರು’ ಎಂದರೆ ಆಳು. ಸಂದರ್ಭ ಸಹಾಯ ಮಾಡದಿದ್ದರೆ ಆಯ್ಕೆ ತನ್ನದೆಂದು ಅಡಿಟಿಪ್ಪಣಿಯಲ್ಲಿ ಹೇಳುವುದೊಂದೇ ದಾರಿ.

‘ನೆ’ಯ ಇನ್ನೊಂದು ಬಳಕೆ ‘ಅಲ್ಲಿಂದ’ ಎಂಬರ್ಥದ್ದು. ‘ನೆ ಪಾರ್ತಿಮ್ಮೊ’ ಎಂದರೆ ಅಲ್ಲಿಂದ ಹೊರಟೆವು. ಇಲ್ಲಿ ಇಂದಿನ ಇಂಗ್ಲಿಷ್ ‘ವಿ ಲೆಫ್ಟ್’ ಎಂದು ಮುಗಿಸಿ ಸುಮ್ಮನಾಗುತ್ತದೆ. ಕನ್ನಡದ ಪ್ರವಾಸಕಥನಕ್ಕಾದರೋ ‘ಅಲ್ಲಿಂದ’ ಎಂಬುದು ಸಹಜವಾದ ಕೊಂಡಿ. ಅದನ್ನು ಬಿಟ್ಟರೆ ವಾಕ್ಯ ಬೋಳಾಗುತ್ತದೆ. ಕನ್ನಡದಲ್ಲಿ ಸರ್ವನಾಮವನ್ನು ಬಿಡುವುದೇ ಸಹಜವೆಂಬ ಸೂತ್ರವನ್ನು ಕಣ್ಣುಮುಚ್ಚಿ ಪಾಲಿಸುವವರು ಇಂಥಲ್ಲಿ ಎಡವುತ್ತಾರೆ. ಹೇವರ್ಸನ ಕಾಲದ ಇಂಗ್ಲಿಷಿಗೆ ಈ ತೊಡಕು ಇಷ್ಟಿರಲಿಲ್ಲ ಎಂಬುದನ್ನೂ ನೆನೆಯಬೇಕು. ‘ದೇರಾಫ್’, ‘ದೇರ್‌ಇನ್’, ‘ದೇರ್‌ಟು’ ಎಂಬ ಪದಗಳು ಆಗ ಜೀವಂತವಾಗಿದ್ದು, ‘ನೆ’, ‘ಚಿ’ಗಳಿಗೆ ಬಹುತೇಕ ಸರಿದೂಗುತ್ತಿದ್ದವು. ಈಗ ಅವು ನ್ಯಾಯಾಲಯದ ಕಾಗದಗಳಲ್ಲಿ ಮಾತ್ರ ಉಸಿರಾಡುತ್ತಿವೆ. ನಮ್ಮ ಕಚೇರಿ ಕನ್ನಡದ ‘ಸದರಿ’ಯ ಗತಿಯೂ ಅದೇ. ಹಳೆಯ ಇಂಗ್ಲಿಷಿನ ‘ದೇರಾಫ್’ ಎಂಬುದನ್ನು ‘ಸದರಿಯದರ’ ಎಂದು ಕನ್ನಡಿಸಿದರೆ, ಗೆಳೆಯನಿಗೆ ಬರೆದ ಪತ್ರ ಗುಮಾಸ್ತೆಯ ವರದಿಯಾಗಿಬಿಡುತ್ತದೆ.

‘ಚಿ’ಯ ಕಥೆ ಬೇರೆ. ಅದರ ಮೂಲಾರ್ಥ ‘ಅಲ್ಲಿ’ ಅಥವಾ ‘ಇಲ್ಲಿ’. ಆದರೆ ‘ಇದೆ’ ಎಂಬ ಅಸ್ತಿತ್ವವಾಚಕ ಕ್ರಿಯೆಯೊಡನೆ ಬೆರೆತು ‘ಚೆ’ ಎಂದಾದಾಗ ಸ್ಥಳದ ಅರ್ಥ ಸವೆದುಹೋಗಿರುತ್ತದೆ. ಇದಕ್ಕೆ ಪ್ರಮಾಣ ಸುಲಭ: ‘ಚೌಕದಲ್ಲಿ’ ಎಂದು ಸ್ಥಳವನ್ನು ಹೇಳಿದ ಮೇಲೂ ಇಟಾಲಿಯನ್ ‘ಚೆ’ ಎಂದೇ ಹೇಳುತ್ತದೆ, ‘ಅಲ್ಲಿ’ ಎಂಬರ್ಥದ ಬೇರೆ ಪದವನ್ನು ಪಕ್ಕದಲ್ಲಿಯೇ ಇರಿಸಿಕೊಳ್ಳಲೂ ಹಿಂಜರಿಯುವುದಿಲ್ಲ. ಇಂಗ್ಲಿಷಿನ ‘ದೇರ್ ಈಸ್’ ಎಂಬುದರದೂ ಇದೇ ನಡೆ. ತೊಂದರೆಯಾಗುವುದು ಕನ್ನಡದ ದಡದಲ್ಲಿ. ‘ದೇರ್ ಈಸ್ ಎ ಟೆಂಪಲ್’ ಎಂಬುದು ‘ಅಲ್ಲಿ ಒಂದು ದೇವಾಲಯವಿದೆ’ ಎಂದಾಗುತ್ತದೆ. ಕನ್ನಡದ ‘ಅಲ್ಲಿ’ ಬೆರಳು ಮಾಡಿ ತೋರಿಸುವ ಪದ. ಅದು ಬಂದೊಡನೆ ಓದುಗನು ಹಿಂದಿನ ವಾಕ್ಯದ ಊರಿಗೆ ದೇವಾಲಯವನ್ನು ಕಟ್ಟಿಹಾಕುತ್ತಾನೆ. ಪ್ರವಾಸಿಯು ಊರನ್ನು ಬಿಟ್ಟು ಕಾಡಿನ ದಾರಿಯಲ್ಲಿ ಎರಡು ಹರದಾರಿ ನಡೆದ ಮೇಲೆ ಕಂಡ ಗುಡಿ ಹೀಗೆ ಹಿಂದಿನ ಊರಿಗೆ ಸ್ಥಳಾಂತರಗೊಳ್ಳಬಹುದು. ‘ದೇವಾಲಯವಿದೆ’ ಎಂಬ ಒಂದೇ ಪದ ಕನ್ನಡಕ್ಕೆ ಸಾಕು. ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನದ ಕೆಲಸ ಮಾಡಿದ್ದ ಡಿ.ಎನ್. ಶಂಕರ ಭಟ್ಟರು ಕನ್ನಡಕ್ಕೆ ಸಂಸ್ಕೃತದ್ದಲ್ಲ, ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸಿದರು. ಅನುವಾದದ ಮಟ್ಟಿಗೆ ಈ ವಾದವನ್ನು ಇಂಗ್ಲಿಷಿನ ವ್ಯಾಕರಣಕ್ಕೂ ವಿಸ್ತರಿಸಬೇಕಾಗಿದೆ.

ಕೆಲವೆಡೆ ಕನ್ನಡವೇ ಇಟಾಲಿಯನ್ನಿಗೆ ಇಂಗ್ಲಿಷಿಗಿಂತ ಹತ್ತಿರವಿದೆ. ‘ಚಿ ವೊಲ್ಯೊನೊ ದುವೆ ಜೋರ್ನಿ’ ಎಂಬ ವಾಕ್ಯದಲ್ಲಿ ‘ಬೇಕು’ ಎಂಬರ್ಥದ ಕ್ರಿಯೆಯೇ ಇದ್ದು, ಎರಡು ದಿನಗಳು ಅದರ ಕರ್ತೃಸ್ಥಾನದಲ್ಲಿವೆ. ಇಂಗ್ಲಿಷ್ ‘ಇಟ್ ಟೇಕ್ಸ್’ ಎಂದು ಬೇರೊಂದು ಕರ್ತೃವನ್ನು ಹುಡುಕಿಕೊಳ್ಳಬೇಕು. ಕನ್ನಡದಲ್ಲಿ ‘ಎರಡು ದಿನ ಬೇಕು’. ಅದೇ ಕ್ರಿಯೆ, ಅದೇ ಕರ್ತೃ. ಇಂಗ್ಲಿಷಿನ ಮೂಲಕ ಬಂದವನು ಇದನ್ನು ‘ಅದು ಎರಡು ದಿನಗಳನ್ನು ತೆಗೆದುಕೊಳ್ಳುತ್ತದೆ’ ಎಂದು ಬರೆಯುವುದನ್ನು ಕಂಡಾಗ ಮರುಕವುಂಟಾಗುತ್ತದೆ. ‘ಅಂದೊ’ ಎಂದರೆ ಹೋದನು. ‘ಸೆ ನೆ ಅಂದೊ’ ಎಂದರೆ ಇದ್ದ ಜಾಗವನ್ನು ಬಿಟ್ಟು ಹೋದನು. ಆ ಎರಡು ಕಿರುಪದಗಳ ಭಾರವನ್ನು ನಮ್ಮಲ್ಲಿ ಸರ್ವನಾಮ ಹೊರುವುದಿಲ್ಲ, ಕೂಡುಕ್ರಿಯೆ ಹೊರುತ್ತದೆ: ‘ಹೊರಟುಹೋದನು’. ಸಂಧಾನ ಮುರಿದು ರಾಯಭಾರಿ ಎದ್ದುಹೋದ ಸಂದರ್ಭದಲ್ಲಿ ಬರಿದೆ ‘ಹೋದನು’ ಎಂದರೆ ಆ ಘಟನೆಯೇ ನಷ್ಟವಾಗುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ‘ಚಿ’ ಎಂಬುದಕ್ಕೆ ‘ನಮ್ಮನ್ನು’, ‘ನಮಗೆ’ ಎಂಬ ಅರ್ಥಗಳೂ ಇವೆ. ‘ಚಿ ಅಂದಾಮ್ಮೊ’ ಎಂಬಲ್ಲಿ ಕ್ರಿಯೆ ‘ಹೋದೆವು’ ಎಂಬುದಾದ್ದರಿಂದ ಕರ್ಮಕ್ಕೆ ಎಡೆಯಿಲ್ಲ. ‘ಅಲ್ಲಿಗೆ’ ಎಂಬ ಅರ್ಥವೇ ನಿಲ್ಲುತ್ತದೆ. ‘ಚಿ ಪೊರ್ತಾರೊನೊ’ ಎಂಬುದಾದರೋ ‘ನಮ್ಮನ್ನು ಕರೆದೊಯ್ದರು’ ಎಂದೂ ಆಗಬಹುದು, ‘ನಮಗೆ ತಂದುಕೊಟ್ಟರು’ ಎಂದೂ ಆಗಬಹುದು. ಮುಂದೆ ತಂದ ವಸ್ತುವಿನ ಹೆಸರು, ಎಲೆಯಡಿಕೆಯೋ ಹಣ್ಣೋ, ಬಂದರೆ ಎರಡನೆಯದು. ಸೇರಿದ ಸ್ಥಳದ ಹೆಸರು ಮಾತ್ರ ಬಂದರೆ ಮೊದಲನೆಯದು. ಹದಿನೇಳನೆಯ ಶತಮಾನದ ಗದ್ಯವನ್ನು ಓದುವವನಿಗೆ ಇನ್ನೊಂದು ಸುಳಿವಿದೆ. ಇಂದು ‘ಚಿ’ ಬರುವ ಸ್ಥಳವಾಚಕ ಸ್ಥಾನಗಳಲ್ಲಿ ಆಗ ‘ವಿ’ ಎಂಬುದೂ ಧಾರಾಳವಾಗಿ ಬಳಕೆಯಲ್ಲಿತ್ತು. ಲೇಖಕನೊಬ್ಬ ‘ಅಲ್ಲಿ’ ಎಂಬುದಕ್ಕೆ ‘ವಿ’ಯನ್ನೇ ರೂಢಿ ಮಾಡಿಕೊಂಡಿದ್ದರೆ, ಅವನ ‘ಚಿ’ಗಳು ‘ನಾವು’ ಎಂಬುದರ ಕಡೆಗೆ ವಾಲುತ್ತವೆ. ಆದ್ದರಿಂದ ಒಂದೇ ವಾಕ್ಯವನ್ನು ಹಿಡಿದು ತೀರ್ಮಾನಿಸದೆ, ಒಂದು ಪತ್ರದಲ್ಲಿ ಬಂದ ‘ವಿ’, ‘ಚಿ’ಗಳನ್ನೆಲ್ಲ ಮೊದಲು ಪಟ್ಟಿ ಮಾಡಿಕೊಂಡು ಅನಂತರ ಅನುವಾದಕ್ಕೆ ಕೈಹಾಕುವುದು ಲೇಸು. ಮರಾಠಿಗೆ ತರುವವರಿಗೆ ಇದಾದ ಮೇಲೂ ‘ಆಮ್ಹೀ’ಯೋ ‘ಆಪಣ್’ ಎಂಬುದೋ ಎಂಬ ಪ್ರಶ್ನೆ ಉಳಿದಿರುತ್ತದೆ. ‘ನಾವು’ ಒಂದರಲ್ಲೇ ಎರಡನ್ನೂ ನಿಭಾಯಿಸುವ ಕನ್ನಡಕ್ಕೆ ಆ ಚಿಂತೆಯಿಲ್ಲ.