ನಗಿಸಿ ಕೇಳುವ ಸರಸ

ಪರಿಚಯ ಇನ್ನೂ ಹೊಸದು, ಒಳಗೊಳಗೇ ಇಷ್ಟ. ಆಗ ಸಂಜೆಯ ಹೊತ್ತು ವಾಟ್ಸಾಪ್‌ನಲ್ಲಿ ಹೆಚ್ಚಿನವರು ಕಳಿಸುವುದು ‘ಊಟ ಆಯ್ತಾ?’ ಅಂತ. ಅಕ್ಕರೆಯ ಮಾತೇ, ಆದರೆ ‘ಆಯ್ತು’ ಎಂದರೆ ಮುಗಿಯಿತು. ‘ದಿನ ಹೇಗಿತ್ತು?’ ಎಂಬುದರ ಗತಿಯೂ ಅಷ್ಟೇ. ಮೊದಲು ತನ್ನ ದಿನದ ಒಂದು ತಮಾಷೆ ಹೇಳಿ ಆಮೇಲೆ ಅವರದನ್ನು ಕೇಳುವುದು ಇವೆರಡಕ್ಕಿಂತ ಎಷ್ಟೋ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಬೆಂಗಳೂರಿನ ಹುಡುಗನೊಬ್ಬ ತನಗಿಷ್ಟವಾದ ಹುಡುಗಿಗೆ ಹೀಗೆ ಬರೆಯುತ್ತಾನೆ ಅನ್ನಿ: ‘ಇವತ್ತು ಕಂಡಕ್ಟರ್ ಚಿಲ್ಲರೆ ಇಲ್ಲ ಅಂತ ನಂಗೂ ಒಬ್ಬ ತಾತಂಗೂ ಸೇರಿಸಿ 50ರ ನೋಟು ಕೊಟ್ಟು, ಇಳಿದು ಹಂಚ್ಕೊಳ್ಳಿ ಅಂದ್ರು. ಚಿಲ್ಲರೆಗೆ ಅಂಗಡಿ ಹುಡುಕೋ ಅಷ್ಟರಲ್ಲಿ ತಾತ ನನ್ನ ಊರು, ಸಂಬಳ ಕೇಳಿ, ಮದುವೆ ಯಾವಾಗ ಅಂದ್ರು. ಆಗ್ಲೇ ನಿಮಗೆ ಹೇಳ್ಬೇಕು ಅನ್ನಿಸ್ತು. ನಿಮ್ಮನ್ನ ಇವತ್ತು ಯಾರಾದ್ರೂ ಹಿಂಗೆ ವಿಚಾರಣೆ ಮಾಡಿದ್ರಾ?’

ಇದರಲ್ಲಿ ಸರಸ ಇರುವುದು ಮದುವೆಯ ಮಾತಿನಲ್ಲಲ್ಲ, ‘ಆಗ್ಲೇ ನಿಮಗೆ ಹೇಳ್ಬೇಕು ಅನ್ನಿಸ್ತು’ ಎಂಬಲ್ಲಿ. ಚಿಲ್ಲರೆಯ ಗಲಾಟೆಯಲ್ಲೂ ಅವಳ ನೆನಪಾಗಿತ್ತು ಎಂಬುದು ಹೊಗಳಿಕೆಯ ಭಾರವಿಲ್ಲದೆ ತಲುಪುತ್ತದೆ. ಕೊನೆಯ ಪ್ರಶ್ನೆ ಕತೆಯಿಂದಲೇ ಹುಟ್ಟಿದೆ, ಹಾಗಾಗಿ ಅವಳು ಇಡೀ ದಿನವನ್ನು ಜಾಲಾಡಬೇಕಿಲ್ಲ. ಬಸ್ಸು ತಡವಾದದ್ದು, ಮೀಟಿಂಗ್ ತಪ್ಪಿದ್ದು ಎಲ್ಲವನ್ನೂ ಸೇರಿಸಿದ್ದರೆ ಅವಳಿಗೆ ಉಳಿಯುತ್ತಿದ್ದುದು ಒಂದು ನಗುಮುಖದ ಇಮೋಜಿ ಮಾತ್ರ. ತಾತನನ್ನು ಹೀಯಾಳಿಸಿದ್ದರಂತೂ, ನಾಳೆ ತನ್ನನ್ನೂ ಹೀಗೇ ಆಡಿಕೊಳ್ಳುವನೇನೋ ಎಂಬ ಅನುಮಾನ.

ನಿಜವಾದ ಪರೀಕ್ಷೆ ಅವಳ ಉತ್ತರದ ನಂತರ. ‘ವಿಚಾರಣೆ ಇಲ್ಲ. ನಮ್ಮ ಪಿಜಿಲಿ ದಿನಾ ಚಿತ್ರಾನ್ನ ಅಂತ ಬೈದಿದ್ವಿ, ಇವತ್ತು ಬೋರ್ಡಲ್ಲಿ ಲೆಮನ್ ರೈಸ್ ಅಂತ ಬರೆದಿದ್ರು’ ಎನ್ನುತ್ತಾಳೆ. ಬಹಳ ಜನ ಎಡವುವುದು ಇಲ್ಲೇ. ‘ನಮ್ಮ ಹಾಸ್ಟೆಲಲ್ಲಿ ಏನಾಗಿತ್ತು ಗೊತ್ತಾ’ ಎಂದು ತಮ್ಮ ಎರಡನೇ ಕತೆ ತೆಗೆಯುತ್ತಾರೆ. ಆಗ ಮೊದಲಿನದೂ ಆಹ್ವಾನವಲ್ಲ, ಬರೀ ಪ್ರದರ್ಶನ ಎಂದು ಬಯಲಾಗುತ್ತದೆ. ‘ಬೋರ್ಡ್ ನೋಡಿ ಮೊದಲು ನಕ್ಕಿದ್ದು ಯಾರು?’ ಎಂದು ಅವಳ ಕತೆಯೊಳಗೇ ಇನ್ನೊಂದು ಹೆಜ್ಜೆ ಹೋಗಬೇಕು. ಹಾರ್ವರ್ಡ್‌ನ ಕರೆನ್ ಹುವಾಂಗ್ ಮತ್ತು ಸಂಗಡಿಗರ 2017ರ ಅಧ್ಯಯನದಲ್ಲೂ, ಸ್ಪೀಡ್ ಡೇಟಿಂಗ್‌ನಲ್ಲಿ ಎದುರಿನವರ ಮಾತನ್ನೇ ಹಿಡಿದು ಹೆಚ್ಚು ಪ್ರಶ್ನೆ ಕೇಳಿದವರಿಗೆ ಮತ್ತೆ ಭೇಟಿಯಾಗಲು ಒಪ್ಪಿಗೆ ಸಿಗುವ ಸಂಭವ ಹೆಚ್ಚಿತ್ತು.

ಈ ರೀತಿಗೆ ಮಿತಿಯೂ ಉಂಟು. ಅವಳು ‘ಇವತ್ತು ದಿನ ಸರಿ ಇರ್ಲಿಲ್ಲ’ ಎಂದರೆ ತಾತ, ನೋಟು ಎಲ್ಲವನ್ನೂ ಅಲ್ಲೇ ಬಿಟ್ಟು ‘ಏನಾಯ್ತು?’ ಅನ್ನಬೇಕು. ಕತೆಗಳಿಗೆಲ್ಲ ಇಮೋಜಿಯಷ್ಟೇ ಬರುತ್ತಿದ್ದು, ಅವಳಾಗಿ ಒಂದನ್ನೂ ಹೇಳದಿದ್ದರೆ ಅವಳಿಗೆ ಆಸಕ್ತಿ ಇಲ್ಲವೆಂದೇ ತಿಳಿಯಬೇಕು. ಇನ್ನೂ ತಮಾಷೆಯದನ್ನು ಹುಡುಕಿ ಕಳಿಸುವುದು ಕಾಟ.