ಮೂರಡಿ ಬಾಗಿಲಿಗೆ ಎಷ್ಟಗಲ ಗೋಡೆ ಬಿಡಬೇಕು?

ದೆಹಲಿಯ ಬಹದ್ದೂರ್ ಶಾ ಜಫರ್ ಮಾರ್ಗದ ಮಾನಕ್ ಭವನದಲ್ಲಿ ಭಾರತೀಯ ಮಾನಕ ಬ್ಯೂರೋ ಇದೆ. ದೇಶದ ಬಾಗಿಲು-ಕಿಟಕಿಗಳ ಅಳತೆಗೆ ಪ್ರಮಾಣ ಬರೆಯುವವರು ಇವರೇ, ಅದೂ ಮಿಲಿಮೀಟರಿನಲ್ಲಿ. ಅದೇ ಊರಿನ ಕೀರ್ತಿ ನಗರದ ಮರದ ಮಾರುಕಟ್ಟೆಗೆ ಹೋಗಿ ಒಂದು ಫ್ಲಶ್ ಡೋರ್ ಕೇಳಿ ನೋಡಿ. ಅಂಗಡಿಯವನು ‘81-36 ಬೇಕೋ, 78-30 ಸಾಕೋ’ ಎನ್ನುತ್ತಾನೆ. ಎಲ್ಲ ಇಂಚಿನ ಲೆಕ್ಕ. ಮಿಸ್ತ್ರಿಯ ಬಾಯಲ್ಲಿ ಇಂಚು ಇನ್ನಷ್ಟು ಸಣ್ಣದಾಗುತ್ತದೆ: ಎಂಟನೇ ಒಂದಿಂಚಿಗೆ ಅವನು ‘ಒಂದು ಸೂತ್’ ಎನ್ನುತ್ತಾನೆ. ಮಿಲಿಮೀಟರನ್ನು ಇಂಚಿಗೆ ತಿರುಗಿಸುವುದು ಕಷ್ಟದ ಕೆಲಸವೇನಲ್ಲ. ತೊಡಕು ಬೇರೆ ಕಡೆ ಇದೆ. ನಕ್ಷೆಯಲ್ಲಿ ಬರೆದ ಅಗಲ ಗೋಡೆಯ ಕಿಂಡಿಯದು. ಅಂಗಡಿಯಲ್ಲಿ ಹೇಳುವ ಅಗಲ ಕದದ್ದು. ಇವೆರಡರ ನಡುವೆ ಒಂದು ಇಡೀ ಚೌಕಟ್ಟು ಕೂತಿರುತ್ತದೆ.

ಐಎಸ್ 4021 ಎಂಬ ಮಾನಕದಲ್ಲಿ ಮಲಗುವ ಕೋಣೆಗೆ ಹೊಂದುವ ಒಂದು ಬಾಗಿಲಿನ ಹೆಸರು ‘9 ಡಿಎಸ್ 21’. ಒಂಬತ್ತು ಎಂದರೆ ಒಂಬತ್ತು ನೂರು ಮಿಲಿಮೀಟರ್ ಅಗಲ, ಡಿ ಎಂದರೆ ಬಾಗಿಲು, ಎಸ್ ಎಂದರೆ ಒಂದೇ ಕದ, 21 ಎಂದರೆ 2100 ಎತ್ತರ. ಎರಡು ಕದದ್ದಾದರೆ ಎಸ್ ಜಾಗದಲ್ಲಿ ಟಿ, ಕಿಟಕಿಯಾದರೆ ಡಿ ಜಾಗದಲ್ಲಿ ಡಬ್ಲ್ಯು. ಈ 900 ಗೋಡೆಯಲ್ಲಿ ಬಿಡುವ ಕಿಂಡಿಯ ಅಗಲ. ಎಡಕ್ಕೆ 5, ಬಲಕ್ಕೆ 5 ಮಿಲಿಮೀಟರ್ ಸಂದಿ ಬಿಟ್ಟರೆ ಚೌಕಟ್ಟಿನ ಹೊರ ಅಗಲ 890. ಚೌಕಟ್ಟಿನ ನಿಲುವು ಮರ ಒಂದೊಂದೂ 60 ಇದ್ದರೆ ನಾವು ನುಗ್ಗುವ ದಾರಿಗೆ ಉಳಿಯುವುದು 770. ಕದ ಕೂರಲು ಮರದಲ್ಲಿ 15 ಮಿಲಿಮೀಟರಿನಷ್ಟು ಅಂಚು ಕೊರೆದಿರುತ್ತಾರೆ, ರಿಬೇಟು ಎನ್ನುವುದು ಅದನ್ನೇ. ಎರಡೂ ಕಡೆಯದನ್ನು ಸೇರಿಸಿದರೆ ಕದ 800.

ಹೀಗೆ ಒಂದೇ ಬಾಗಿಲಿಗೆ ನಾಲ್ಕು ಅಗಲ: 900, 890, 800, 770. ‘ಒಂಬೈನೂರರ ಬಾಗಿಲು’ ಎಂದು ನಕ್ಷೆಯಲ್ಲಿ ಓದಿಕೊಂಡು 36 ಇಂಚಿನ, ಅಂದರೆ 914 ಮಿಲಿಮೀಟರಿನ ಕದ ಹೊತ್ತು ತಂದವನ ಪಾಡು ಊಹಿಸಿಕೊಳ್ಳಿ. ಆ ಕದ ಬರಿಯ ಗೋಡೆಯ ಕಿಂಡಿಯಲ್ಲೇ ಹಿಡಿಸುವುದಿಲ್ಲ, ಚೌಕಟ್ಟಿನ ಮಾತು ಆಮೇಲಿನದು.

ದ್ವಾರಕಾದ ಹಳೆಯ ಸೊಸೈಟಿಯೊಂದರಲ್ಲಿ ಕನ್ನಡದ ಕುಟುಂಬವೊಂದು ಊರಿನಿಂದ ಬಂದ ತಾಯಿಗಾಗಿ ಕೋಣೆಯ ಬಾಗಿಲು ಅಗಲ ಮಾಡಿಸಲು ಹೊರಟಿದೆ ಎಂದಿಟ್ಟುಕೊಳ್ಳೋಣ. ಗಾಲಿಕುರ್ಚಿ ಸರಾಗವಾಗಿ ಹೋಗಲು 900 ಮಿಲಿಮೀಟರ್ ನಿವ್ವಳ ದಾರಿ ಬೇಕು. ಈ ಲೆಕ್ಕವನ್ನು ಒಳಗಿನಿಂದ ಹೊರಗೆ ಮಾಡಿಕೊಂಡು ಹೋಗಬೇಕು. ಮೊದಲು 36 ಇಂಚಿನ ಕದವನ್ನೇ ಪರೀಕ್ಷಿಸೋಣ. 914ಕ್ಕೆ ಎರಡೂ ಪಕ್ಕದ ಓಡಾಟದ ಸಂದಿ ಮೂರು ಮೂರು ಸೇರಿಸಿ, ರಿಬೇಟಿನ 30 ಕಳೆದರೆ 890. ಅಷ್ಟೂ ಕೈಗೆ ಸಿಗುವುದಿಲ್ಲ. ತೆರೆದ ಕದ ಕೀಲಿನ ಕಡೆ ದಾರಿಯೊಳಕ್ಕೆ ಚಾಚಿಕೊಂಡೇ ನಿಲ್ಲುತ್ತದೆ. 35 ಮಿಲಿಮೀಟರ್ ದಪ್ಪದ ಕದವಾದರೆ ಸುಮಾರು 20 ಅದಕ್ಕೇ ಹೋಯಿತು. ಉಳಿದದ್ದು 870. ಮೂರಡಿ ಕದ ಮೂರಡಿ ದಾರಿ ಕೊಡುವುದಿಲ್ಲ ಎಂದಾಯಿತಲ್ಲ. 38 ಇಂಚಿನ ಕದ, ಅಂದರೆ 965, ತೆಗೆದುಕೊಂಡರೆ ಚೌಕಟ್ಟಿನ ಒಳ ಅಗಲ 941, ಕದ ತೆರೆದಾಗ ಸುಮಾರು 920. ಇದು ಸಾಕು. ಈಗ ಹೊರಕ್ಕೆ ಬನ್ನಿ: 941ಕ್ಕೆ ಎರಡು ಮರದ 120 ಸೇರಿ ಚೌಕಟ್ಟು 1061. ಅದರ ಆಚೆಗೂ ಈಚೆಗೂ ಎಂಟರಿಂದ ಹತ್ತು ಮಿಲಿಮೀಟರ್ ಬಿಟ್ಟರೆ ಕಿಂಡಿ ಸುಮಾರು 1080, ಹಳೆಯ ಲೆಕ್ಕದಲ್ಲಿ ನಲವತ್ತೆರಡೂವರೆ ಇಂಚು. ಮಾನಕ ಹೇಳುವ 5 ಮಿಲಿಮೀಟರ್ ಸಂದಿ ತೂಗುಗುಂಡು ಹಿಡಿದು ನೆಟ್ಟಗೆ ಕಟ್ಟಿದ ಗೋಡೆಗೆ ಸರಿ. ಹಳೆಯ ಗೋಡೆ ಒಡೆದು ಮಾಡಿದ ಕಿಂಡಿಯ ಅಂಚು ಮೇಲೊಂದು ಕೆಳಗೊಂದು ಇರುತ್ತದೆ, ಅಲ್ಲಿ ಐದರಲ್ಲಿ ಚೌಕಟ್ಟು ನೆಟ್ಟಗೆ ನಿಲ್ಲಿಸಲು ಆಗುವುದಿಲ್ಲ.

ಅಂದಹಾಗೆ, ಈ ಹೊರ ಸಂದಿ ಎಲ್ಲ ಮನೆಗೂ ಬೇಕಿಲ್ಲ. ಮೊದಲು ಚೌಕಟ್ಟು ನಿಲ್ಲಿಸಿ, ಪಕ್ಕಕ್ಕೆ ಮೂರು ಮೂರು ಹೋಲ್ಡ್‌ಫಾಸ್ಟ್ ಪಟ್ಟಿಗಳನ್ನು ಇಟ್ಟಿಗೆಯ ನಡುವೆ ಹುದುಗಿಸುತ್ತಾ ಗೋಡೆ ಏರಿಸುವ ಹಳೆಯ ಪದ್ಧತಿಯಲ್ಲಿ ಗೋಡೆಯೇ ಚೌಕಟ್ಟಿಗೆ ಹೊಂದಿಕೊಳ್ಳುತ್ತದೆ. ನನಗೆ ಈಗಲೂ ಅದೇ ಗಟ್ಟಿ ಕೆಲಸ ಅನ್ನಿಸುತ್ತದೆ. ಗೋಡೆ ಮುಗಿಸಿ, ಆಮೇಲೆ ಚೌಕಟ್ಟು ತಂದು ಸ್ಕ್ರೂ ಹಾಕಿ ಕೂರಿಸುವವರಿಗೆ ಮಾತ್ರ ಈ ಲೆಕ್ಕ.

ಎತ್ತರದಲ್ಲಿ ಎಡವುವುದು ನೆಲದಿಂದ. ಏಳಡಿಯನ್ನು ಬರಿಯ ಕಾಂಕ್ರೀಟಿನಿಂದ ಅಳೆದು ಲಿಂಟಲ್ ಹಾಕಿ, ಮೇಲೆ ಗಾರೆ ಹಾಸಿ ಕಲ್ಲು ಕೂರಿಸಿದರೆ ಎರಡು-ಎರಡೂವರೆ ಇಂಚು ನೆಲವೇ ನುಂಗುತ್ತದೆ. ಮುಗಿದ ನೆಲದ ಮಟ್ಟವನ್ನು ಗೋಡೆಯ ಮೇಲೆ ಗೆರೆ ಎಳೆದು, ಅಲ್ಲಿಂದ ಮೇಲಕ್ಕೆ ಅಳೆಯುವುದೇ ಸರಿ. ಹಳೆಯ ಫ್ಲಾಟುಗಳಲ್ಲಿ ಟೈಲ್ಸಿನ ಮೇಲೆ ಟೈಲ್ಸ್ ಹಾಕಿಸಿ, ಕದದ ಬುಡ ಕೊಯ್ಯಿಸುವುದು ಮಾಮೂಲು. ಫ್ಲಶ್ ಡೋರಿನ ಅಂಚಿನ ಗಟ್ಟಿಮರ ಮಾನಕದ ಪ್ರಕಾರ ಕನಿಷ್ಠ 45 ಮಿಲಿಮೀಟರ್. ಅದರಲ್ಲಿ ಒಂದಿಂಚು ಹೋದರೆ ಉಳಿಯುವುದು 20. ಅದಕ್ಕಿಂತ ಹೆಚ್ಚು ಕೊಯ್ಯಬೇಕಾಗಿ ಬಂದರೆ ಹೊಸ ಕದ ತರುವುದೇ ಲೇಸು.

ಕದಕ್ಕೂ ಚೌಕಟ್ಟಿಗೂ ನಡುವಿನ ಸಂದಿಯನ್ನು ಇಲ್ಲಿ ಗೊತ್ತುಮಾಡುವುದು ಹವೆ. ಮೇ ತಿಂಗಳ ಲೂ ಬೀಸುವಾಗ ಮರ ಒಣಗಿ ಸೊರಗಿರುತ್ತದೆ. ಆಗ ಅಂದವಾಗಿ ಬಿಗಿ ಕೂರಿಸಿದ ಕದ ಆಗಸ್ಟಿನ ಜಿಗುಟು ಹವೆಯಲ್ಲಿ ಉಬ್ಬಿ ಬೀಗದ ಕಡೆಯ ಅಂಚು ಉಜ್ಜತೊಡಗುತ್ತದೆ. ಒಂದು ಸೂತ್, ಅಂದರೆ 3 ಮಿಲಿಮೀಟರ್, ಇರಲೇಬೇಕು. ಪರೀಕ್ಷೆ ಸುಲಭ: ಸನ್‌ಮೈಕಾ ಹಾಳೆ ಒಂದು ಮಿಲಿಮೀಟರ್ ದಪ್ಪ. ಅದರ ಮೂರು ತುಂಡು ಜೋಡಿಸಿ ಮೇಲಿನ ಮೂಲೆಯಿಂದ ಕೆಳಗಿನವರೆಗೆ ಎಳೆಯಿರಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮಳೆಗಾಲದಲ್ಲಿ ಕದ ಕಚ್ಚುತ್ತದೆ. ಅದೇ ಸನ್‌ಮೈಕಾ ಕದದ ಎರಡೂ ಮುಖಕ್ಕೆ ಅಂಟಿಸಿದರೆ ದಪ್ಪ ಎರಡು ಮಿಲಿಮೀಟರ್ ಹೆಚ್ಚುತ್ತದೆ ಎಂಬುದು ರಿಬೇಟು ಕೊರೆಯುವ ಮುಂಚೆ ಮಿಸ್ತ್ರಿಗೆ ಗೊತ್ತಿರಬೇಕು. ಇಲ್ಲದಿದ್ದರೆ ಮುಚ್ಚಿದ ಕದ ಚೌಕಟ್ಟಿನಿಂದ ಆಚೆಗೆ ಇಣುಕುತ್ತದೆ.

ಕಿಟಕಿಯದು ಚಿಕ್ಕ ಮಾತು. ಯುಪಿವಿಸಿ ಅಥವಾ ಅಲ್ಯೂಮಿನಿಯಂ ಕಿಟಕಿಯನ್ನು ಪ್ಲಾಸ್ಟರಿಂಗ್ ಮುಗಿದ ಮೇಲೆಯೇ ಅಳೆಯಬೇಕು. ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಹಿಡಿದು, ಅತಿ ಕಡಿಮೆ ಬಂದದ್ದರಲ್ಲಿ 10 ಮಿಲಿಮೀಟರ್ ಕಳೆದು ಆರ್ಡರ್ ಕೊಡಬೇಕು. ಆ ಸಂದಿಗೆ ಬರಿಯ ಸಿಮೆಂಟು ಮೆತ್ತಿದರೆ ಒಂದೆರಡು ಬೇಸಿಗೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟು ಆಂಧಿಯ ದೂಳಿಗೆ ದಾರಿಯಾಗುತ್ತದೆ. ಒಳಗೆ ಫೋಮ್, ಹೊರ ಅಂಚಿಗೆ ಸಿಲಿಕೋನ್ ಹಾಕಿಸಿ.

ಕದಕ್ಕೆ ಮುಂಗಡ ಕೊಡುವ ಮೊದಲು ಮಿಸ್ತ್ರಿಯ ಕೈಯಲ್ಲೇ ಗೋಡೆಯ ಮೇಲೆ ಮೂರು ಅಂಕಿ ಬರೆಸಿಕೊಳ್ಳಿ: ಕಿಂಡಿ ಎಷ್ಟು, ಚೌಕಟ್ಟಿನ ಹೊರ ಅಗಲ ಎಷ್ಟು, ಕದ ಎಷ್ಟು. ಮೂರೂ ಒಂದೇ ಎಂದು ಬರೆದರೆ ಬೇರೆ ಮಿಸ್ತ್ರಿಯನ್ನು ಹುಡುಕಿ.